ಜೂನ್ ತಿಂಗಳ ಶ್ರೀಮಂತರು

ತಲೆಗೂದಲು ಕತ್ತರಿಸುವವರು ಕತ್ತರಿಸಿದ ಮೇಲೆ ದುಡ್ಡು ಕೇಳುತ್ತಾರೆ. ಹಾಲಿನವರು ತಿಂಗಳು ತುಂಬಿದ ಮೇಲೆ ಪುಸ್ತಕ ತೆಗೆಯುತ್ತಾರೆ. ನಮ್ಮ ಕಡೆ ಅಡಿಕೆ ಕೊನೆ ಇಳಿಸುವವರೂ ಮರದಿಂದ ಕೆಳಗಿಳಿದು, ಕವಳ ಹಾಕಿ, ಆಮೇಲೆಯೇ ಸಂಬಳದ ಮಾತೆತ್ತುತ್ತಾರೆ. ಕಲ್ಯಾಣ ಮಂಟಪದವರು ಮಾತ್ರ ಮೊದಲೇ ಅಡ್ವಾನ್ಸ್ ಕೇಳುತ್ತಾರೆ, ಅದೂ ಒಂದು ಪಾಲನ್ನು. ಇಡೀ ವರ್ಷದ ಕೆಲಸಕ್ಕೆ ಇಡೀ ವರ್ಷದ ಹಣವನ್ನು, ಒಂದಕ್ಷರವನ್ನೂ ಕಲಿಸುವ ಮೊದಲೇ ಎಣಿಸಿಕೊಂಡು ರಸೀದಿ ಹರಿದುಕೊಡುವ ಧೈರ್ಯ ಇರುವುದು ಖಾಸಗಿ ಶಾಲೆಗಳಿಗೆ. ತಂದೆತಾಯಿಗಳು ಅದಕ್ಕೆ ಎಷ್ಟು ಒಗ್ಗಿಹೋಗಿದ್ದಾರೆಂದರೆ, ಸಾಲದ ಕಿಟಕಿಯ ಮುಂದೆ ನಿಂತವರ ಹಾಗೆ ಮುಖ ಚಿಕ್ಕದು ಮಾಡಿಕೊಂಡು ನಿಲ್ಲುತ್ತಾರೆ. ನಿಜಕ್ಕೂ ಆ ಹೊತ್ತಿನಲ್ಲಿ ಸಾಲ ಕೊಡುತ್ತಿರುವವರು ಅವರೇ!

ಇದು ತಮಾಷೆಯ ಮಾತಲ್ಲ, ಲೆಕ್ಕಶಾಸ್ತ್ರದ ಮಾತು. ಊರಿನ ಒಂದು ಸಣ್ಣ ಶಾಲೆಯ ಲೆಕ್ಕ ಬರೆಯುವ ಕೆಲಸ ನನ್ನದು. ಆ ಶಾಲೆಯ ಹೆಸರು ಇಲ್ಲಿ ಬೇಡ. ಊರಿನವರಿಗೆ ಹೇಗೂ ಗೊತ್ತಾಗುತ್ತದೆ, ಹೊರಗಿನವರಿಗೆ ಗೊತ್ತಾಗಿ ಆಗಬೇಕಾದ್ದೇನೂ ಇಲ್ಲ. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಹೊರಡಿಸಿದ ಲೆಕ್ಕದ ಮಾನದಂಡಗಳಲ್ಲಿ ಒಂಬತ್ತನೆಯದು ಆದಾಯವನ್ನು ಯಾವಾಗ ಆದಾಯವೆಂದು ಬರೆಯಬೇಕು ಎನ್ನುವುದರ ಬಗ್ಗೆ ಇದೆ. ಅದರ ಅನುಬಂಧದಲ್ಲಿ ಬೋಧನಾ ಶುಲ್ಕಕ್ಕೆಂದೇ ಒಂದು ಸಾಲಿದೆ. ಪಾಠ ನಡೆಯುವ ಅವಧಿಯುದ್ದಕ್ಕೂ ಹಂಚಿಕೊಂಡು ಅದನ್ನು ಆದಾಯಕ್ಕೆ ತೆಗೆದುಕೊಳ್ಳಬೇಕು ಎಂಬುದು ಆ ಸಾಲಿನ ಸಾರ. ಅಲ್ಲಿಯವರೆಗೆ ಆ ಹಣ ಅಢಾವೆ ಪತ್ರಿಕೆಯ ಹೊಣೆಯ ಕಡೆ, ಕಿರಾಣಿ ಅಂಗಡಿಗೆ ಕೊಡಬೇಕಾದ ಬಾಕಿಯ ಪಕ್ಕದಲ್ಲಿ ಕೂತಿರಬೇಕು. ಒಂದು ತಿಂಗಳು ಪಾಠ ಮುಗಿಯಿತೋ, ಹತ್ತರಲ್ಲಿ ಒಂದು ಪಾಲು ಅಲ್ಲಿಂದೆದ್ದು ಆದಾಯದ ಕಡೆಗೆ ಬರುತ್ತದೆ. ಸಂಬಳ ಹನ್ನೆರಡು ತಿಂಗಳೂ ಕೊಡಬೇಕು, ಆದರೆ ಪಾಠ ನಡೆಯುವುದು ಜೂನ್‌ನಿಂದ ಮಾರ್ಚ್‌ವರೆಗೆ, ಹೆಚ್ಚೆಂದರೆ ಏಪ್ರಿಲಿನ ಮೊದಲ ವಾರದವರೆಗೆ. ಅದಕ್ಕೇ ಹತ್ತು.

ನಮ್ಮ ಕಾರ್ಯದರ್ಶಿಗಳಿಗೆ ಈ ಹೊಣೆಯ ಕಡೆ ಎನ್ನುವುದು ಸುತರಾಂ ಹಿಡಿಸುವುದಿಲ್ಲ. ಅವರು ಒಳ್ಳೆಯವರು. ಶಾಲೆಗೆ ತಮ್ಮ ತೋಟದಿಂದ ತೆಂಗಿನಕಾಯಿ ಕೊಡುತ್ತಾರೆ, ಗಣೇಶನ ಹಬ್ಬಕ್ಕೆ ಪೆಂಡಾಲು ಹಾಕಿಸುತ್ತಾರೆ. ಆದರೆ ಜೂನ್ ಹದಿನೈದರ ಹೊತ್ತಿಗೆ ಬ್ಯಾಂಕಿನ ಪಾಸ್‌ಬುಕ್ ನೋಡಿದರೆಂದರೆ ಅವರ ಮುಖದ ಕಳೆಯೇ ಬೇರೆ.

"ಲೆಕ್ಕದವ್ರೇ, ನಮ್ಮ ಹತ್ರ ಈಗ ಎಷ್ಟಿದೆ ಹೇಳಿ?"

"ನಮ್ಮ ಹತ್ರ ಇರೋದು ಬಹಳ. ನಮ್ದು ಅಂತ ಇರೋದು ಸ್ವಲ್ಪ."

"ಹಾಗಂದ್ರೇನು? ಬೇರೆಯವರ ದುಡ್ಡು ನಮ್ಮ ಖಾತೆಯಲ್ಲಿ ಯಾಕಿರತ್ತೆ?"

ಇದಕ್ಕೆ ಒಂದು ವಾಕ್ಯದಲ್ಲಿ ಉತ್ತರ ಹೇಳಲಾಗುವುದಿಲ್ಲ. ಅಂಕಿಗಳನ್ನೇ ಇಟ್ಟು ತೋರಿಸಬೇಕು. ತಿಳಿಯಲು ಸುಲಭವಾಗಲೆಂದು ಇಡಿಯ ಸಂಖ್ಯೆಗಳನ್ನೇ ಹಿಡಿಯುತ್ತೇನೆ.

ಶಾಲೆಯಲ್ಲಿ 200 ಮಕ್ಕಳು, ತಲಾ 24,000 ರೂಪಾಯಿ ಫೀಸು. ಒಟ್ಟು 48 ಲಕ್ಷ. ಇದರಲ್ಲಿ ಕನ್ಸೆಷನ್ ಎಂದು 4 ಲಕ್ಷ 20 ಸಾವಿರ ಬಿಟ್ಟುಕೊಡುತ್ತೇವೆ. ಅದರ ಕಥೆಯನ್ನು ಆಮೇಲೆ ಹೇಳುತ್ತೇನೆ, ಅದು ದೊಡ್ಡದು. ಕೈಗೆ ಬರುವುದು 43 ಲಕ್ಷ 80 ಸಾವಿರ. ಸಂಬಳ, ಕರೆಂಟು, ಸೀಮೆಸುಣ್ಣ, ಆಯಾ, ಎಲ್ಲ ಸೇರಿ ತಿಂಗಳಿಗೆ ಮೂರೂವರೆ ಲಕ್ಷ ಖರ್ಚು. ಹನ್ನೆರಡು ತಿಂಗಳಿಗೆ 42 ಲಕ್ಷ. ವರ್ಷ ಕಳೆದ ಮೇಲೆ ಶಾಲೆಗೆ ನಿಜವಾಗಿ ಉಳಿಯುವುದು 1 ಲಕ್ಷ 80 ಸಾವಿರ ರೂಪಾಯಿ. ಜೂನ್‌ನಲ್ಲಿ ಪಾಸ್‌ಬುಕ್ಕಿನಲ್ಲಿ ಕಾಣುವ 43 ಲಕ್ಷ ಚಿಲ್ಲರೆಯಲ್ಲಿ ಶಾಲೆಯದು ಅಷ್ಟೇ. ಮಿಕ್ಕಿದ್ದೆಲ್ಲ ಇನ್ನೂ ಮಾಡದ ಪಾಠ, ಇನ್ನೂ ಕೊಡದ ಸಂಬಳ.

ಆದರೆ ಪಾಸ್‌ಬುಕ್ಕಿಗೆ ಈ ಭೇದ ಗೊತ್ತಿಲ್ಲ. ಒಂದು ಜೂನ್‌ನಲ್ಲಿ ಕಾರ್ಯದರ್ಶಿಗಳು ಸೆಕೆಂಡ್ ಹ್ಯಾಂಡ್ ಬಸ್ಸೊಂದನ್ನು ನೋಡಿಕೊಂಡು ಬಂದರು. ಒಂಬತ್ತು ಲಕ್ಷ. ಹಳದಿ ಬಣ್ಣ ಆಗಲೇ ಹೊಡೆದಿತ್ತು, ಶಾಲೆಯ ಹೆಸರು ಬರೆಸುವುದೊಂದೇ ಬಾಕಿ. ಸಭೆಯಲ್ಲಿ ಯಾರಿಗೂ ಬೇಡವೆನ್ನಲು ಬಾಯಿ ಬರಲಿಲ್ಲ. ಖಾತೆಯಲ್ಲಿ ನಲವತ್ತು ದಾಟಿದೆ, ಬಸ್ಸಿಗೆ ಒಂಬತ್ತು. ಇದರಲ್ಲಿ ಕಷ್ಟ ಏನಿದೆ?

ಕಷ್ಟ ಇರುವುದು ಫೆಬ್ರವರಿಯಲ್ಲಿ. ಬಸ್ಸಿನ ಹಣ ಹೋಗಿ ಉಳಿದದ್ದು 34 ಲಕ್ಷ 80 ಸಾವಿರ. ಜೂನ್‌ನಿಂದ ಫೆಬ್ರವರಿಯವರೆಗೆ ಒಂಬತ್ತು ತಿಂಗಳ ಖರ್ಚು 31 ಲಕ್ಷ 50 ಸಾವಿರ. ಕೈಯಲ್ಲಿ 3 ಲಕ್ಷ 30 ಸಾವಿರ ಉಳಿಯಿತು. ಮಾರ್ಚ್ ತಿಂಗಳ ಖರ್ಚಿಗೆ 20 ಸಾವಿರ ಕಡಿಮೆ. ಏಪ್ರಿಲ್, ಮೇ ತಿಂಗಳ ಸಂಬಳಕ್ಕೆ ಏನೂ ಇಲ್ಲ. ಶಾಲೆ ಇಲ್ಲಿಗೆ ಮುಗ್ಗರಿಸಬೇಕಿತ್ತು. ಮುಗ್ಗರಿಸಿದ್ದರೆ ಒಳ್ಳೆಯದೇ ಆಗುತ್ತಿತ್ತು, ಎಲ್ಲರಿಗೂ ವಿಷಯ ತಿಳಿಯುತ್ತಿತ್ತು. ಆದರೆ ಮಾರ್ಚಿನಲ್ಲಿ ಮುಂದಿನ ವರ್ಷದ ಫೀಸು ಬರತೊಡಗುತ್ತದೆ. ಆ ಹಣ ಅದೇ ಖಾತೆಗೆ ಬಂದು ಬೀಳುತ್ತದೆ, ಸಂಬಳ ತಪ್ಪದೆ ಆಗುತ್ತದೆ. ಮುಂದಿನ ವರ್ಷ ಒಂದನೇ ಕ್ಲಾಸಿಗೆ ಬರಲಿರುವ ಮಗುವಿನ ಹಣದಲ್ಲಿ, ಈ ವರ್ಷ ಹತ್ತನೇ ಕ್ಲಾಸು ಮುಗಿಸಿ ಹೊರಟ ಹುಡುಗನಿಗೆ ಪಾಠ ಹೇಳಿದ ಮೇಷ್ಟರ ಸಂಬಳ! ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ಜೂನ್‌ನಲ್ಲಿ ಪಾಸ್‌ಬುಕ್ 43 ಲಕ್ಷ 80 ಸಾವಿರದ ಬದಲು 36 ಲಕ್ಷ 60 ಸಾವಿರ ತೋರಿಸುತ್ತದೆ. ಅದೂ ದೊಡ್ಡ ಮೊತ್ತವೇ. ಕಾರ್ಯದರ್ಶಿಗಳ ಕಣ್ಣು ಈಗ ಕಾಂಪೌಂಡ್ ಗೋಡೆಯ ಮೇಲೆ ಬೀಳುತ್ತದೆ.

ಹೀಗೆ ವರ್ಷ ವರ್ಷ ಒಂದೊಂದು ಬಸ್ಸು, ಒಂದೊಂದು ಗೋಡೆ ಎಂದು ನಡೆಯುತ್ತಿರುವ ಶಾಲೆಗಳು ಎಷ್ಟೋ ಕಾಲ ಚೆನ್ನಾಗಿಯೇ ನಡೆಯುತ್ತವೆ. ಒಂದು ವರ್ಷ ಸೇರ್ಪಡೆ ಕಡಿಮೆಯಾದರೆ ಮಾತ್ರ ಎಲ್ಲ ಒಟ್ಟಿಗೆ ಕಾಣುತ್ತದೆ. ಮೊದಲೇ ಕಂಡುಹಿಡಿಯಲು ನಾನು ನೋಡುವುದು ಒಂದೇ ದಿನವನ್ನು, ಮಾರ್ಚ್ 31ನ್ನು. ಆ ದಿನ ಬ್ಯಾಂಕು ಮತ್ತು ಎಫ್‌ಡಿಯಲ್ಲಿರುವ ಹಣ, ಮುಂದಿನ ವರ್ಷಕ್ಕೆಂದು ಆಗಲೇ ತೆಗೆದುಕೊಂಡ ಫೀಸು ಮತ್ತು ಏಪ್ರಿಲ್-ಮೇ ಖರ್ಚು, ಇವೆರಡೂ ಸೇರಿದ ಮೊತ್ತಕ್ಕಿಂತ ಕಡಿಮೆ ಇರಬಾರದು. ಬಸ್ಸಿನ ವರ್ಷ ನಮ್ಮಲ್ಲಿ ಮುಂಗಡ ಬಂದದ್ದು 20 ಲಕ್ಷ 52 ಸಾವಿರ. ಎರಡು ತಿಂಗಳ ಖರ್ಚು ಏಳು ಲಕ್ಷ. ಖಾತೆಯಲ್ಲಿ 27 ಲಕ್ಷ 52 ಸಾವಿರ ಇರಬೇಕಿತ್ತು, ಇದ್ದದ್ದು 20 ಲಕ್ಷ 32 ಸಾವಿರ. ಕೊರತೆ 7 ಲಕ್ಷ 20 ಸಾವಿರ. ಬಸ್ಸಿನ ಒಂಬತ್ತರಲ್ಲಿ ವರ್ಷದ ನಿಜವಾದ ಉಳಿತಾಯ 1 ಲಕ್ಷ 80 ಸಾವಿರವನ್ನು ಕಳೆಯಿರಿ, ಅದೇ ಅಂಕಿ. ಕಾರ್ಯದರ್ಶಿಗಳಿಗೆ ಇದನ್ನು ಹಾಳೆಯ ಮೇಲೆ ಬರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಬಸ್ಸು ಎಲ್ಲೂ ಹೋಗಿಲ್ವಲ್ಲ, ಅಲ್ಲೇ ನಿಂತಿದೆಯಲ್ಲ" ಎಂದರು. ನಿಂತಿತ್ತು, ನಿಜ. ಆದರೆ ಕಂಡಕ್ಟರಿಗೂ ಡ್ರೈವರಿಗೂ ಬಸ್ಸಿನ ಚಕ್ರ ಬಿಚ್ಚಿ ಸಂಬಳ ಕೊಡಲಿಕ್ಕಾಗುವುದಿಲ್ಲ.

ಈ 20 ಲಕ್ಷ 52 ಸಾವಿರ ಎಲ್ಲಿಂದ ಬಂತು ಎಂದು ಕೇಳಬಹುದು. ಮಾರ್ಚ್ 31ರೊಳಗೆ ಮುಂದಿನ ವರ್ಷದ ಪೂರ್ತಿ ಫೀಸು ಕಟ್ಟಿದವರಿಗೆ ಶೇಕಡ ಐದು, ಅಂದರೆ 1,200 ರೂಪಾಯಿ ಕಡಿತ ಎಂದು ನಮ್ಮ ಶಾಲೆ ಬೋರ್ಡು ಹಾಕುತ್ತದೆ. ಉಳಿದವರು ಜೂನ್ ಕೊನೆಯೊಳಗೆ ಕಟ್ಟಿದರೆ ಸಾಕು. ತೊಂಬತ್ತು ಮಕ್ಕಳ ಮನೆಯವರು ಮಾರ್ಚಿನಲ್ಲೇ ಕಟ್ಟುತ್ತಾರೆ, ತಲಾ 22,800. ಅಡಿಕೆ ಸುಲಿದು ಬೇಯಿಸಿ ಒಣಗಿಸಿ ಸೊಸೈಟಿಗೆ ಹಾಕುವ ಕಾಲ ಅದು, ಬೆಳೆಗಾರರ ಕೈಯಲ್ಲಿ ಹಣ ಓಡಾಡುತ್ತಿರುತ್ತದೆ. ಇನ್ನು ಕೆಲವು ನೌಕರಿಯವರಿಗೆ ಬೇರೆಯದೇ ಕಾರಣ. 80ಸಿ ಎಂದು ಜನ ಕರೆಯುವ ತೆರಿಗೆ ವಿನಾಯಿತಿಯಲ್ಲಿ ಇಬ್ಬರು ಮಕ್ಕಳ ಟ್ಯೂಷನ್ ಫೀ ಸೇರುತ್ತದೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ. ಅದು ಯಾವ ವರ್ಷದ ಪಾಠ ಎಂದು ನೋಡುವುದಿಲ್ಲ, ಹಣ ಕಟ್ಟಿದ ದಿನ ಯಾವುದೆಂದು ನೋಡುತ್ತದೆ. ಹಾಗಾಗಿ ಮಾರ್ಚ್ 29, 30ರಂದು ಆಫೀಸಿನ ಕಿಟಕಿಯಲ್ಲಿ ಇಣುಕುವ ಅಪ್ಪಂದಿರು ಮಗುವಿನ ಕ್ಲಾಸಿಗಿಂತ ರಸೀದಿಯ ತಾರೀಖಿನ ಬಗ್ಗೆ ಹೆಚ್ಚು ವಿಚಾರಿಸುತ್ತಾರೆ. ಏಪ್ರಿಲ್ ಎರಡರಂದು ಬಂದು "ಮಾರ್ಚ್ ಮೂವತ್ತೊಂದು ಅಂತ ಹಾಕಿಬಿಡಿ ಮೇಡಂ, ಎರಡೇ ದಿನ ಅಲ್ವಾ" ಎನ್ನುವವರೂ ಇದ್ದಾರೆ. ನಮ್ಮ ಕ್ಯಾಷಿಯರ್ ಅಕ್ಕ ಅಂಥವರಿಗೆ ಉತ್ತರವನ್ನೇ ಕೊಡುವುದಿಲ್ಲ. ರಸೀದಿ ಪುಸ್ತಕವನ್ನು ಅವರ ಕಡೆ ತಿರುಗಿಸಿ, ಕ್ರಮಸಂಖ್ಯೆಯನ್ನು ಬೆರಳಿನಿಂದ ತೋರಿಸುತ್ತಾರೆ. ಇನ್ನೊಂದು ತಮಾಷೆ ಇದೆ. ಪೂರ್ತಿ 24,000ಕ್ಕೆ ರಸೀದಿ ಬೇಕು, ಆದರೆ ಕಟ್ಟುವುದು 22,800 ಎನ್ನುವವರು. ಕಡಿತವೂ ಬೇಕು, ಕಡಿತಕ್ಕೆ ತೆರಿಗೆಯ ವಿನಾಯಿತಿಯೂ ಬೇಕು. ಬರದ ಹಣಕ್ಕೆ ರಸೀದಿ ಬರೆಯಬಾರದು ಎನ್ನುವುದನ್ನು ಓದಿದವರಿಗೇ ಬಿಡಿಸಿ ಹೇಳಬೇಕಾಗುತ್ತದೆ.

ಈ ಶೇಕಡ ಐದರ ಬಗ್ಗೆ ನನಗೆ ಮೊದಲಿನಿಂದಲೂ ತಕರಾರಿದೆ. ಜೂನ್ ಕೊನೆಗೆ ಬರಬೇಕಾದ 24,000 ರೂಪಾಯಿ ಮೂರು ತಿಂಗಳು ಮೊದಲು ಬಂತು ಅಂತಿಟ್ಟುಕೊಳ್ಳಿ. ಬ್ಯಾಂಕಿನಲ್ಲಿ ಶೇಕಡ ಏಳರ ಬಡ್ಡಿಗೆ ಇಟ್ಟರೂ ಮೂರು ತಿಂಗಳಿಗೆ ಸಿಗುವುದು 420 ರೂಪಾಯಿ. ಆ 420ಕ್ಕೋಸ್ಕರ ನಾವು 1,200 ಬಿಡುತ್ತೇವೆ. ತೊಂಬತ್ತು ಮಕ್ಕಳಿಗೆ 1 ಲಕ್ಷ 8 ಸಾವಿರ. ಬಾಕಿಗಾಗಿ ಫೋನು ಮಾಡುವ ಕೆಲಸ ತಪ್ಪುತ್ತದೆ, ಮುಂದಿನ ವರ್ಷ ಎಷ್ಟು ಮಕ್ಕಳು ಉಳಿಯುತ್ತಾರೆ ಎಂದು ಮೊದಲೇ ತಿಳಿಯುತ್ತದೆ ಎಂಬುದು ಕಾರ್ಯದರ್ಶಿಗಳ ವಾದ. ಅದರಲ್ಲಿ ಸ್ವಲ್ಪ ಸತ್ಯವಿದೆ, 780 ರೂಪಾಯಿಯಷ್ಟು ಇದೆಯೋ ಇಲ್ಲವೋ ಅಷ್ಟು ಗಟ್ಟಿಯಾಗಿ ಹೇಳಲಾರೆ. ನನಗೆ ಕಸಿವಿಸಿ ಬೇರೆ ಕಡೆ. ಮಾರ್ಚಿನಲ್ಲಿ ಒಂದೇ ಏಟಿಗೆ ಕಟ್ಟಬಲ್ಲವರಿಗೆ 1,200 ಕಡಿಮೆ. ಜೂನ್‌ವರೆಗೆ ಹೇಗೋ ಹೊಂದಿಸಿಕೊಂಡು, ಸಂಘದಲ್ಲಿ ಸಾಲ ತೆಗೆದು ಕಟ್ಟುವ ಬೀಡಾ ಅಂಗಡಿಯವನಿಗೆ ಪೂರ್ತಿ ಫೀಸು.

ಇನ್ನು ಕನ್ಸೆಷನ್ನಿನ ಕಥೆ. 4 ಲಕ್ಷ 20 ಸಾವಿರದಲ್ಲಿ ಮೇಲಿನ 1 ಲಕ್ಷ 8 ಸಾವಿರ ಹೋಯಿತು. ಶಾಲೆಯ ಸಿಬ್ಬಂದಿಯ ಹತ್ತು ಮಕ್ಕಳಿಗೆ ಅರ್ಧ ಫೀಸು, ಅದು 1 ಲಕ್ಷ 20 ಸಾವಿರ. ಅಣ್ಣನೋ ಅಕ್ಕನೋ ಇದೇ ಶಾಲೆಯಲ್ಲಿದ್ದರೆ ಕಿರಿಯ ಮಗುವಿಗೆ ಶೇಕಡ ಹತ್ತು. ಅಂಥ ಮೂವತ್ತು ಮಕ್ಕಳಿಗೆ 72 ಸಾವಿರ. ಉಳಿದ 1 ಲಕ್ಷ 20 ಸಾವಿರ ಕಷ್ಟದಲ್ಲಿರುವ ಹದಿನೈದು ಮನೆಗಳ ಮಕ್ಕಳಿಗೆ, ತಲಾ ಎಂಟು ಸಾವಿರ. ಮೂರೂ ಬೇರೆ ಬೇರೆ ಬಗೆಯವು. ಸಿಬ್ಬಂದಿಗೆ ಕೊಡುವುದು ಸಂಬಳದ ಇನ್ನೊಂದು ರೂಪ. ಅದನ್ನು ನಿಲ್ಲಿಸಿದರೆ ಮಾರನೆಯ ತಿಂಗಳೇ ಗಣಿತದ ಮೇಡಂ ಪಕ್ಕದ ಶಾಲೆಗೆ ಹೋಗುತ್ತಾರೆ. ಕಿರಿಯ ಮಗುವಿಗೆ ಕೊಡುವುದು ವ್ಯಾಪಾರ, ಎರಡನೆಯದೂ ನಮ್ಮಲ್ಲೇ ಬರಲಿ ಎಂದು. ಕೊನೆಯದೊಂದೇ ದಯೆ. ಅದಕ್ಕೆ ಮಾತ್ರ ಅರ್ಜಿ ಬೇಕು.

ಉಳಿದವರಿಗೆ ಅರ್ಜಿ ಬೇಡ ಎನ್ನುವುದನ್ನು ಗಮನಿಸಿ. ಇರುವವರಿಗೆ ಬೋರ್ಡು, ಇಲ್ಲದವರಿಗೆ ಅರ್ಜಿ! ಅದರಲ್ಲಿ ತಂದೆಯ ಕೆಲಸ, ಮನೆಯ ಸದಸ್ಯರ ಸಂಖ್ಯೆ, ಕಾರಣ ಎಂದು ಅಂಕಣಗಳಿವೆ. ಕಾರಣದ ಅಂಕಣದಲ್ಲಿ ಒಬ್ಬ ತಾಯಿ "ಈ ವರ್ಷ ಕೊಳೆ ರೋಗ" ಎಂದಷ್ಟೇ ಬರೆದಿದ್ದರು. ಮಲೆನಾಡಿನಲ್ಲಿ ಅದಕ್ಕಿಂತ ಹೆಚ್ಚು ವಿವರಣೆ ಬೇಡ. ಇನ್ನೊಬ್ಬರು ಎರಡು ಪುಟ ಬರೆದಿದ್ದರು, ಕೆಳಗೆ ಕಮಿಟಿಯ ಸದಸ್ಯರೊಬ್ಬರ ಸಹಿ ಇತ್ತು, ಅರ್ಜಿ ತಂದದ್ದು ಕಾರಿನಲ್ಲಿ. ಕೊಟ್ಟ ಕನ್ಸೆಷನ್ನನ್ನು ಯಾರಿಗೂ ಹೇಳಬೇಡಿ ಎಂದು ಹೆಡ್ ಮಿಸ್ ಪ್ರತಿಯೊಬ್ಬರಿಗೂ ಹೇಳುತ್ತಾರೆ. ಆ ಗುಟ್ಟು ಶಾಲೆಯ ಗೇಟಿನಿಂದ ಬಸ್‌ಸ್ಟ್ಯಾಂಡಿನವರೆಗೆ ಉಳಿಯುತ್ತದೆ.

ಕಿರಿಯ ಮಗುವಿನ ನಿಯಮ ಸರಳ ಎಂದು ಎಲ್ಲರೂ ತಿಳಿದಿದ್ದೆವು, ಅವಳಿ ಮಕ್ಕಳು ಬರುವವರೆಗೆ. ಇಬ್ಬರಲ್ಲಿ ಕಿರಿಯರು ಯಾರು? ತಾಯಿ ತುಸು ನಾಚಿಕೊಂಡು ಹನ್ನೆರಡು ನಿಮಿಷದ ವ್ಯತ್ಯಾಸ ಎಂದರು. ಜನನ ಪ್ರಮಾಣಪತ್ರದಲ್ಲಿ ತಾರೀಖು ಇದೆ, ನಿಮಿಷ ಇಲ್ಲ. ಹೆಸರಿನ ಅಕಾರಾದಿಯಲ್ಲಿ ಎರಡನೆಯವಳಿಗೆ ಕೊಟ್ಟೆವು. ದೊಡ್ಡವಳು ಎಂದಾಗಿಹೋದ ಹುಡುಗಿ ಅಂದಿನಿಂದ ತಂಗಿಯ ಮೇಲೆ ಯಜಮಾನಿಕೆ ನಡೆಸುತ್ತಿದ್ದಾಳಂತೆ. ಶಾಲೆಯ ಲೆಡ್ಜರೇ ಅವಳಿಗೆ ಆಧಾರ.

ಲೆಡ್ಜರಿನಲ್ಲಿ ಇದನ್ನು ಬರೆಯುವ ಬಗೆಯಲ್ಲೂ ಎರಡು ಪಂಥಗಳಿವೆ. ಬಂದದ್ದನ್ನು ಮಾತ್ರ ಬರೆಯೋಣ, 21,600 ಬಂದರೆ 21,600 ಎನ್ನುವುದು ಒಂದು. ಪೂರ್ತಿ 24,000 ಬರೆದು, ಪಕ್ಕದಲ್ಲಿ ರಿಯಾಯಿತಿ 2,400 ಎಂದು ಕಳೆದು ತೋರಿಸೋಣ ಎನ್ನುವುದು ಇನ್ನೊಂದು. ಕೊನೆಗೆ ಉಳಿಯುವ ಆದಾಯ ಎರಡರಲ್ಲೂ ಒಂದೇ. ನಾನು ಎರಡನೆಯದರ ಪರ. ಮೊದಲನೆಯದರಲ್ಲಿ ರಿಯಾಯಿತಿ ಕಣ್ಣಿಗೇ ಬೀಳುವುದಿಲ್ಲ. ಯಾರಿಗೆ, ಯಾಕೆ, ಯಾರ ಮಾತಿನ ಮೇಲೆ ಕೊಟ್ಟದ್ದು ಎಂದು ವರ್ಷದ ಕೊನೆಗೆ ಯಾರೂ ಕೇಳಲಾಗುವುದಿಲ್ಲ. 23 ಸಾವಿರ ತೆಗೆದುಕೊಂಡು 21,600ಕ್ಕೆ ರಸೀದಿ ಹರಿಯುವ ಕೈಚಳಕವೂ ಅಲ್ಲೇ ಸುಲಭ. ಪೂರ್ತಿ ಬರೆದಾಗ ಮಾತ್ರ ಪ್ರತಿ ಕಡಿತಕ್ಕೂ ಒಂದು ಅರ್ಜಿಯನ್ನೋ ನಿರ್ಣಯವನ್ನೋ ತೋರಿಸಬೇಕಾಗುತ್ತದೆ.

ಆದರೆ ಈ ದಾರಿಯಲ್ಲಿ ಒಂದು ಹೊಂಡವಿದೆ. ನನಗಿಂತ ಮೊದಲು ಇಲ್ಲಿ ಲೆಕ್ಕ ಬರೆಯುತ್ತಿದ್ದವರು ಫೀಸನ್ನು ಶ್ರದ್ಧೆಯಿಂದ ಹತ್ತು ತಿಂಗಳಿಗೆ ಹಂಚಿದ್ದರು, ರಿಯಾಯಿತಿಯನ್ನು ಮಾತ್ರ ಕೊಟ್ಟ ದಿನವೇ ಪೂರ್ತಿ ಖರ್ಚು ಹಾಕಿದ್ದರು. ಅದರ ಪ್ರಕಾರ ಜೂನ್‌ನ ಫೀಸು 4 ಲಕ್ಷ 80 ಸಾವಿರ, ರಿಯಾಯಿತಿ 4 ಲಕ್ಷ 20 ಸಾವಿರ, ಉಳಿದ ಆದಾಯ ಬರೀ 60 ಸಾವಿರ. ಖರ್ಚು ಮೂರೂವರೆ ಲಕ್ಷ. ಆ ಲೆಕ್ಕ ಓದಿದರೆ ಶಾಲೆ ಪ್ರತಿ ಜೂನ್‌ನಲ್ಲಿ 2 ಲಕ್ಷ 90 ಸಾವಿರದ ನಷ್ಟದಲ್ಲಿ ಮುಳುಗಿ, ಜುಲೈಯಲ್ಲಿ 1 ಲಕ್ಷ 30 ಸಾವಿರದ ಲಾಭದಲ್ಲಿ ತೇಲುತ್ತಿತ್ತು. ಪಾಸ್‌ಬುಕ್ ಶ್ರೀಮಂತಿಕೆ ತೋರಿಸುವ ತಿಂಗಳಿನಲ್ಲೇ ಲೆಕ್ಕದ ಪುಸ್ತಕ ದಿವಾಳಿ ತೋರಿಸುತ್ತಿತ್ತು. ಕಾರ್ಯದರ್ಶಿಗಳು ಯಾವುದನ್ನು ನಂಬಿದರು ಎಂದು ಹೇಳಬೇಕಿಲ್ಲ. ಕಡಿತವೂ ಫೀಸಿನ ಜೊತೆಗೇ, ಅದೇ ಹತ್ತು ಪಾಲಿನಲ್ಲಿ ನಡೆಯಬೇಕು. ತಿಂಗಳಿಗೆ 4 ಲಕ್ಷ 80 ಸಾವಿರದಲ್ಲಿ 42 ಸಾವಿರ ಕಳೆದು 4 ಲಕ್ಷ 38 ಸಾವಿರ.

ದಾನಿಗಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ. ನಿವೃತ್ತ ಮೇಷ್ಟರೊಬ್ಬರು ಬಡ ಮಗುವೊಂದರ ಬಾಬ್ತು ಎಂಟು ಸಾವಿರ ಕೊಡುತ್ತಾರೆ. ಆಫೀಸಿನಲ್ಲಿ ಅದನ್ನು ದೇಣಿಗೆ ಎಂದು ಜಮಾ ಮಾಡಿ, ಮಗುವಿನ ಹೆಸರಿನಲ್ಲಿ ಎಂಟು ಸಾವಿರ ಕನ್ಸೆಷನ್ ಎಂದು ಬರೆದಿದ್ದರು. ವಾರ್ಷಿಕೋತ್ಸವದ ವರದಿಯಲ್ಲಿ ದೇಣಿಗೆಯೂ ಬಂತು, ಶಾಲೆಯ ಔದಾರ್ಯವೂ ಬಂತು, ಒಂದೇ ಎಂಟು ಸಾವಿರಕ್ಕೆ ಎರಡು ಸಲ ಚಪ್ಪಾಳೆ. ನಿಜವಾಗಿ ಅಲ್ಲಿ ಶಾಲೆ ಏನನ್ನೂ ಬಿಟ್ಟುಕೊಟ್ಟಿಲ್ಲ. ಮಗುವಿನ ಫೀಸು ಪೂರ್ತಿ ಬಂದಿದೆ, ಒಂದು ಪಾಲು ಅಪ್ಪನಿಂದ, ಇನ್ನೊಂದು ಪಾಲು ಮೇಷ್ಟರಿಂದ. ಎರಡೂ ಮುಂಗಡವೇ. ಆರ್‌ಟಿಇ ಕಾಯ್ದೆಯಲ್ಲಿ ಸೇರಿದ ಮಕ್ಕಳದ್ದೂ ಕನ್ಸೆಷನ್ ಅಲ್ಲ. ಅವರ ಪಾಲನ್ನು ಸರ್ಕಾರ ಕೊಡುತ್ತದೆ, ಆದರೆ ಪಾಠ ಮುಗಿದ ಎಷ್ಟೋ ಕಾಲದ ಮೇಲೆ. ಅದು ಹೊಣೆಯ ಕಡೆಯಲ್ಲಲ್ಲ, ಬರಬೇಕಾದ ಬಾಕಿಯ ಕಡೆ ಕೂರಬೇಕು. ಹಾಗೆ ಕೂತು ಕೂತು ಅಲ್ಲೇ ಹಳತಾಗುತ್ತದೆ.

ಕೊಟ್ಟ ಕನ್ಸೆಷನ್ನಿಗಿಂತ, ಹಣ ಎಣಿಸಿಕೊಂಡಾದ ಮೇಲೆ ಕೊಡಬೇಕಾಗಿ ಬಂದ ಕನ್ಸೆಷನ್ ಇನ್ನೂ ತೊಡಕಿನದು. ಕೊರೊನಾ ಕಾಲದಲ್ಲಿ ಅದನ್ನೂ ಕಂಡೆವು. 2020-21ರ ಸಾಲಿಗೆ ಬೋಧನಾ ಶುಲ್ಕದ ಶೇಕಡ 70ನ್ನು ಮಾತ್ರ ತೆಗೆದುಕೊಳ್ಳಿ ಎಂದು ರಾಜ್ಯ ಸರ್ಕಾರ 2021ರ ಜನವರಿಯಲ್ಲಿ ಆದೇಶಿಸಿತು. ರಾಜಸ್ಥಾನದ ಶಾಲೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದೇ ವರ್ಷದ ಮೇ ತಿಂಗಳಲ್ಲಿ ಶೇಕಡ 15 ಕಡಿತ ಎಂದಿತು. ಆಮೇಲೆ ನಮ್ಮ ಹೈಕೋರ್ಟೂ ಶೇಕಡ 85ಕ್ಕೆ ಬಂದು ನಿಂತಿತು. ಒಬ್ಬರಿಗೆ, ಹತ್ತು ಜನರಿಗೆ ಅಲ್ಲ, ಎಲ್ಲರಿಗೂ ಕನ್ಸೆಷನ್, ಅರ್ಜಿಯೇ ಇಲ್ಲದೆ. ಆದರೆ ಮೊದಲೇ ಪೂರ್ತಿ ಕಟ್ಟಿದವರ ಹೆಚ್ಚುವರಿ ಹಣ ಆಗಲೇ ಸಂಬಳವಾಗಿ ಹೋಗಿತ್ತು. ಮುಂದಿನ ವರ್ಷದ ಫೀಸಿಗೆ ಮುಂಗಡ ಎಂದು ಹೊಂದಿಸಿಕೊಂಡೆವು. ಹತ್ತನೇ ಕ್ಲಾಸು ಮುಗಿಸಿದವರಿಗೆ ನಮ್ಮಲ್ಲಿ ಮುಂದಿನ ವರ್ಷ ಎನ್ನುವುದೇ ಇಲ್ಲ, ಅವರಿಗೆ ನಗದು ಕೊಡಬೇಕಾಯಿತು. ನಿಯಮದಂತೆ ಮೊದಲೇ ಕಟ್ಟಿದವರು ಎರಡೆರಡು ಸಲ ಆಫೀಸಿಗೆ ಅಲೆದರು. ಬಾಕಿ ಇಟ್ಟುಕೊಂಡವರು ಮನೆಯಲ್ಲಿ ಕೂತೇ ಶೇಕಡ 15 ಉಳಿಸಿದರು.

ಮಧ್ಯದಲ್ಲಿ ಶಾಲೆ ಬಿಡುವವರಿಗೆ ಹಣ ಹಿಂತಿರುಗಿಸುವ ಪದ್ಧತಿ ಎಷ್ಟೋ ಶಾಲೆಗಳಲ್ಲಿ ಇಲ್ಲವೇ ಇಲ್ಲ. ನಮ್ಮಲ್ಲಿ ಇದೆ, ಎಷ್ಟು ಎನ್ನುವುದು ಮಾತ್ರ ಎಲ್ಲೂ ಬರೆದಿರಲಿಲ್ಲ. ಬ್ಯಾಂಕಿನ ಅಧಿಕಾರಿಯೊಬ್ಬರಿಗೆ ಅಕ್ಟೋಬರ್ ಕೊನೆಗೆ ವರ್ಗವಾಯಿತು. ಅವರ ಇಬ್ಬರು ಮಕ್ಕಳು ನಮ್ಮಲ್ಲಿದ್ದರು. ದೊಡ್ಡವನದು ಪೂರ್ತಿ ಫೀಸು, ಹತ್ತರಲ್ಲಿ ಐದು ತಿಂಗಳು ಮುಗಿದಿದೆ, 12,000 ವಾಪಸು. ಅದರಲ್ಲಿ ಚರ್ಚೆ ಇಲ್ಲ. ಚಿಕ್ಕವಳಿಗೆ 2,400 ಕನ್ಸೆಷನ್ ಇತ್ತು, ಕಟ್ಟಿದ್ದು 21,600.

"ನಿಮ್ಮ ಫೀಸು ಕಾರ್ಡಿನಲ್ಲೇ 24,000 ಅಂತ ಇದೆ. ಐದು ತಿಂಗಳಿಗೆ 12,000 ಆಗತ್ತಲ್ವಾ?" ಎಂದರು ಅಪ್ಪ.

"ಕನ್ಸೆಷನ್ ಕೊಟ್ಟಿದ್ದು ಇಡೀ ವರ್ಷ ಓದ್ತಾಳೆ ಅಂತ ಸರ್" ಎಂದರು ಕಾರ್ಯದರ್ಶಿಗಳು. "ಓದಿದ ಐದು ತಿಂಗಳಿಗೆ ಪೂರ್ತಿ ದರದಲ್ಲಿ 12,000 ಹಿಡ್ಕೋತೀವಿ. 21,600ರಲ್ಲಿ ಅದನ್ನ ಕಳೆದು 9,600 ಕೊಡ್ತೀವಿ."

ನನ್ನ ಪುಸ್ತಕದಲ್ಲಿ ಇದ್ದದ್ದು ಮೂರನೆಯ ಅಂಕಿ. 21,600ನ್ನು ಹತ್ತಕ್ಕೆ ಹಂಚಿದರೆ ತಿಂಗಳಿಗೆ 2,160. ಐದು ತಿಂಗಳದು ಆದಾಯವಾಗಿ ಹೋಗಿದೆ. ಅಕ್ಟೋಬರ್ 31ರಂದು ಆ ಮಗುವಿನ ಹೆಸರಿನಲ್ಲಿ ಹೊಣೆಯಾಗಿ ಉಳಿದಿದ್ದದ್ದು 10,800. ಅಪ್ಪ ಕೇಳಿದಷ್ಟು ಕೊಟ್ಟರೆ ಶಾಲೆಗೆ ಬಂದೇ ಇರದ 1,200 ರೂಪಾಯಿಯನ್ನು ಶಾಲೆ ನಗದಾಗಿ ಕೊಟ್ಟಂತಾಯಿತು. ಕಾರ್ಯದರ್ಶಿಗಳ ಲೆಕ್ಕ ಪೂರ್ತಿ ಅನ್ಯಾಯವೇನಲ್ಲ. ವರ್ಷ ಪೂರೈಸಿದರೆ ಮಾತ್ರ ಕನ್ಸೆಷನ್ ಎಂದು ಮೊದಲೇ ಬರೆದು ತಿಳಿಸಿದ್ದರೆ ಅದೂ ನಡೆಯುತ್ತಿತ್ತು. ಬರೆದಿರಲಿಲ್ಲ. ಬರೆಯದ ಷರತ್ತನ್ನು ವರ್ಗವಾದ ಮೇಲೆ ನೆನಪಿಸಿಕೊಳ್ಳಲಾಗುವುದಿಲ್ಲ. ಲೆಡ್ಜರ್ ತೆರೆದು ಇಬ್ಬರ ಮುಂದೆಯೂ ಇಟ್ಟೆ. ಬ್ಯಾಂಕಿನವರಾದ್ದರಿಂದ ಅಪ್ಪನಿಗೆ ಬೇಗ ಅರ್ಥವಾಯಿತು, ಒಪ್ಪಿಗೆ ಮಾತ್ರ ನಿಧಾನಕ್ಕೆ ಬಂತು.

"ಸರಿ. ಆದ್ರೆ ಅಕ್ಟೋಬರಿನಲ್ಲಿ ದಸರಾ ರಜೆ ಇತ್ತಲ್ಲ ಮೇಡಂ? ಅರ್ಧ ತಿಂಗಳು ಪಾಠವೇ ಇಲ್ಲ. ಅದನ್ನೂ ಪೂರ್ತಿ ತಿಂಗಳು ಅಂತ ಹಿಡಿದಿದ್ದೀರಲ್ಲ?"

ಹೆಡ್ ಮಿಸ್ ಅಷ್ಟು ಹೊತ್ತು ಹಾಜರಿ ಪುಸ್ತಕ ತಿದ್ದುತ್ತಾ ಕೂತಿದ್ದರು. ತಲೆ ಎತ್ತದೆ ಕೇಳಿದರು, "ಬ್ಯಾಂಕಿಗೆ ರಜೆ ಇದ್ದಾಗ ನಿಮಗೆ ಸಂಬಳ ಕೊಡಲ್ವಾ ಸರ್?"

ಅವರು 22,800ರ ಚೆಕ್ ತೆಗೆದುಕೊಂಡು, ಎರಡೂ ಕಡೆ ಸಹಿ ಹಾಕಿ, ಟಿ.ಸಿ.ಗೆ ಬೇರೆ ಫೀಸು ಇದೆಯೇ ಎಂದು ವಿಚಾರಿಸಿದರು.